ಕೊಪ್ಪಳದ ಬಿಸಿಲಲ್ಲೂ ಕೂಸಿಗೆ ಚಳಿ: ಹೆರಿಗೆಯಾದ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ ತಾಗುತ್ತದೆ. ಹೆರಿಗೆ ಕೋಣೆಯಲ್ಲಿ ನಿಂತವರೆಲ್ಲ ಬೆವರುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ‘ಕೂಸಿಗೆ ಚಳಿಯಾಗುತ್ತದೆ, ಫ್ಯಾನ್ ಆರಿಸಿ’ ಎಂದರೆ ಜೊತೆಗೆ ಬಂದ ಅಜ್ಜಿ ಅಚ್ಚರಿಯಿಂದ ನೋಡುತ್ತಾರೆ. ಆದರೆ ಹೆರಿಗೆ ವಾರ್ಡಿನ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದನ್ನೇ. ಡಿಸೆಂಬರಿನ ಚಳಿಯಲ್ಲಿ ಎಲ್ಲರೂ ತಾವಾಗಿಯೇ ಕೂಸನ್ನು ಬೆಚ್ಚಗಿಡುತ್ತಾರೆ. ಬೇಸಿಗೆಯಲ್ಲಿ ಯಾರಿಗೂ ಅದರ ನೆನಪಾಗುವುದಿಲ್ಲ, ಹಾಗಾಗಿ ಕೂಸು ತಣ್ಣಗಾಗುವುದು ಆಗಲೇ.

ಕಾರಣ ಸರಳ. ಕೂಸು ಹುಟ್ಟುವಾಗ ತಲೆಯಿಂದ ಕಾಲಿನವರೆಗೆ ಒದ್ದೆಯಾಗಿರುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣಗಾಳಿ. ಒದ್ದೆ ಮೈಯ ಮೇಲೆ ಅದು ಬೀಸಿದರೆ ನೀರು ಬೇಗ ಆರುತ್ತದೆ, ಆರುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದು ಇದೇ ರೀತಿ. ಗಾಳಿ ಒಣಗಿದ್ದಷ್ಟೂ ಗಡಿಗೆಯ ನೀರು ಇನ್ನಷ್ಟು ತಂಪು. ಗರ್ಭದಲ್ಲಿ 37 ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಲ್ಲಿದ್ದ ಮಗುವನ್ನು ಒರೆಸದೆ, ಮುಚ್ಚದೆ ಬಿಟ್ಟರೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಅದರ ಮೈಬಿಸಿ 2ರಿಂದ 4 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯಬಹುದು. ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳುವುದು ಕೂಸಿಗೆ ಬರುವುದಿಲ್ಲ. ಬೆನ್ನು, ಕತ್ತಿನ ಸುತ್ತ ಇರುವ ವಿಶೇಷ ಕೊಬ್ಬನ್ನು ಉರಿಸಿ ಅದು ಬೆಚ್ಚಗಾಗಬೇಕು. ಅದಕ್ಕೆ ಸಕ್ಕರೆಯ ಅಂಶವೂ ಆಮ್ಲಜನಕವೂ ಖರ್ಚಾಗುತ್ತವೆ. ತಣ್ಣಗಾದ ಮಗು ಹಾಲು ಕುಡಿಯಲು ಸೋಮಾರಿಯಾಗುತ್ತದೆ; ಕುಡಿಯದ ಮಗು ಇನ್ನಷ್ಟು ತಣ್ಣಗಾಗುತ್ತದೆ.

ಈ ಲೇಖನ ಹೆರಿಗೆಗೆ ಜೊತೆಯಲ್ಲಿ ಹೋಗುವ ತಾಯಿ, ಅತ್ತೆ, ಅಕ್ಕಂದಿರಿಗಾಗಿ ಮತ್ತು ಆಶಾ ಕಾರ್ಯಕರ್ತೆಯರಿಗಾಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಒಬ್ಬ ಹೆಂಗಸು ಜೊತೆಗಿರಲು ಅವಕಾಶವಿದೆ. ಹಾಗೆ ನಿಂತವರು ಏನನ್ನು ಗಮನಿಸಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಕೂಗಿ ಕರೆಯಬೇಕು ಎಂಬುದು ಗೊತ್ತಿದ್ದರೆ ನರ್ಸಿಗೆ ಇನ್ನೊಂದು ಜೊತೆ ಕಣ್ಣು ಸಿಕ್ಕಂತೆ.

ಹೊರಡುವ ಮೊದಲು ಚೀಲದಲ್ಲಿ

ನಾಲ್ಕು ಹತ್ತಿ ಬಟ್ಟೆ ಬೇಕು. ಹುಟ್ಟುವ ಮೊದಲೇ ಕೂಸಿಗೆ ಹೊಸ ಬಟ್ಟೆ ತರಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಅದರಿಂದ ಇಲ್ಲಿ ಏನೂ ತೊಂದರೆಯಿಲ್ಲ. ಉಟ್ಟು ಮೆತ್ತಗಾದ ಹತ್ತಿ ಸೀರೆಯನ್ನು ಒಂದು ಮೊಳಕ್ಕಿಂತ ತುಸು ದೊಡ್ಡ ತುಂಡುಗಳಾಗಿ ಕತ್ತರಿಸಿ, ಸೋಪಿನಲ್ಲಿ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಶುದ್ಧವಾದ ಚೀಲದಲ್ಲಿ ಕಟ್ಟಿಡಿ. ಹೊಸ ಬಟ್ಟೆಗಿಂತ ಇದು ನೀರನ್ನು ಚೆನ್ನಾಗಿ ಹೀರುತ್ತದೆ. ಒಂದು ಕುಲಾವಿ ಮತ್ತು ಕಾಲುಚೀಲ ಇರಲಿ. ಕೂಸಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಶಾಖ ಹೆಚ್ಚು ಸೋರುವುದೂ ಅಲ್ಲಿಂದಲೇ. ಬಾಣಂತಿಗೆ ಮುಂದೆ ಗುಂಡಿಯಿರುವ ಕುಪ್ಪಸ ಅಥವಾ ನೈಟಿ ತನ್ನಿ. ತಾಯಿ ಕಾರ್ಡ್ ಅಂತೂ ಬೇಕೇ ಬೇಕು.

ಜೇನುತುಪ್ಪದ ಸೀಸೆ, ಸಕ್ಕರೆ, ಹರಳೆಣ್ಣೆ, ಬಜೆ ಇವು ಮನೆಯಲ್ಲೇ ಇರಲಿ. ಯಾಕೆಂದು ಮುಂದೆ ಹೇಳುತ್ತೇನೆ.

ತಲೆ ಕಾಣಿಸಿದ ಕೂಡಲೇ

ಹೆರಿಗೆ ಕೋಣೆ 25ರಿಂದ 28 ಡಿಗ್ರಿ ಇರಬೇಕು ಎನ್ನುತ್ತದೆ ನಿಯಮ. ನಮ್ಮ ಬೇಸಿಗೆಯಲ್ಲಿ ಕೋಣೆ ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ, ಹಾಗಾಗಿ ಇಲ್ಲಿ ತೊಂದರೆ ಕೊಡುವುದು ಬೀಸುವ ಗಾಳಿ. ನೋವು ತಿನ್ನುವ ಹೆಂಗಸಿಗೆ ಫ್ಯಾನ್ ಬೇಕು, ಅದನ್ನು ನಾನು ಬೇಡವೆನ್ನುವುದಿಲ್ಲ. ಮಗುವಿನ ತಲೆ ಕಾಣಿಸಿದಾಗ ಫ್ಯಾನ್ ಮತ್ತು ಕೂಲರ್ ಆರಿಸಿ, ಎದುರು ಬದುರಿನ ಕಿಟಕಿ ಬಾಗಿಲು ಮುಚ್ಚಿದರೆ ಸಾಕು. ನರ್ಸ್ ಮರೆತಿದ್ದರೆ ‘ಸಿಸ್ಟರ್, ಫ್ಯಾನ್ ಆರಿಸಲೇ?’ ಎಂದು ನೀವೇ ಕೇಳಿ. ಆ ಗಡಿಬಿಡಿಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲ ಒಂದು ನಿಮಿಷ

ಕೂಸು ಹೊರಬಂದ ಕೂಡಲೇ ಅದನ್ನು ತಾಯಿಯ ಹೊಟ್ಟೆಯ ಮೇಲೆ ಹಾಸಿದ ಒಣ ಬಟ್ಟೆಯ ಮೇಲೆ ಮಲಗಿಸುತ್ತಾರೆ. ಮೊದಲ ಕೆಲಸ ಒರೆಸುವುದು. ತಲೆ, ಮುಖ, ಕತ್ತು, ಕಂಕುಳು, ಬೆನ್ನು, ತೊಡೆಸಂದು ಎಲ್ಲವನ್ನೂ ಅರ್ಧ ನಿಮಿಷದೊಳಗೆ ಒರೆಸಬೇಕು. ಮೈಮೇಲೆ ಬೆಣ್ಣೆಯಂತೆ ಮೆತ್ತಿಕೊಂಡಿರುವ ಬಿಳಿಯ ಪದರವನ್ನು ತಿಕ್ಕಿ ತೆಗೆಯಬಾರದು. ಅದು ಚರ್ಮವನ್ನು ಕಾಪಾಡುತ್ತದೆ, ತಾನಾಗಿಯೇ ಹೀರಿಕೊಳ್ಳುತ್ತದೆ. ರಕ್ತ ಮತ್ತು ನೀರು ಹೋದರೆ ಸಾಕು.

ಇನ್ನು ಅನುಭವಿಗಳೂ ಕೈಬಿಡುವ ಒಂದು ಹೆಜ್ಜೆಯಿದೆ. ಒರೆಸಿದ ಬಟ್ಟೆ ಈಗ ಒದ್ದೆಯಾಗಿದೆ. ಅದನ್ನೇ ಮಗುವಿಗೆ ಸುತ್ತಿದರೆ ಒರೆಸಿದ್ದು ವ್ಯರ್ಥ. ಆ ಬಟ್ಟೆಯನ್ನು ಕೆಳಗೆಳೆದು ಬಿಸಾಡಿ, ಬರಿಮೈ ಕೂಸನ್ನು ತಾಯಿಯ ಬರಿಯ ಎದೆಯ ಮೇಲೆ, ಎರಡು ಮೊಲೆಗಳ ನಡುವೆ ಬೋರಲಾಗಿ ಮಲಗಿಸಿ, ಇಬ್ಬರ ಮೇಲೂ ಎರಡನೆಯ ಒಣ ಬಟ್ಟೆ ಹೊದಿಸಿ, ತಲೆಗೆ ಕುಲಾವಿ ಹಾಕಬೇಕು. ನಡುವೆ ಬಟ್ಟೆ ಇರಕೂಡದು. ತಾಯಿಯ ಚರ್ಮದ ಕಾವು ಕೂಸಿನ ಚರ್ಮಕ್ಕೆ ನೇರವಾಗಿ ತಲುಪಬೇಕು.

ಒರೆಸುವುದರಿಂದ ಇನ್ನೊಂದು ಉಪಯೋಗವೂ ಇದೆ. ಬೆನ್ನನ್ನು ಬಟ್ಟೆಯಿಂದ ಮೇಲೆ ಕೆಳಗೆ ಉಜ್ಜಿದಾಗ ಹೆಚ್ಚಿನ ಮಕ್ಕಳು ಅಳುತ್ತವೆ. ಅಳುವ ಮಗುವಿನ ಬಾಯಿ ಮೂಗಿಗೆ ನಳಿಕೆ ಹಾಕಿ ಹೀರುವ ಅಗತ್ಯವಿಲ್ಲ. ಒರೆಸಿ ಬೆನ್ನುಜ್ಜಿದರೂ ಉಸಿರಾಡದಿದ್ದರೆ ನರ್ಸ್ ಬಳ್ಳಿ ಕತ್ತರಿಸಿ ಕೂಸನ್ನು ಪಕ್ಕದ ಬಿಸಿ ದೀಪದ ಮೇಜಿಗೆ, ಅಂದರೆ ವಾರ್ಮರ್‌ಗೆ ಒಯ್ಯುತ್ತಾರೆ. ಕತ್ತು ನೇರಮಾಡಿ, ಬಾಯಿ ಸ್ವಚ್ಛಮಾಡಿ, ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗಿನಿಂದ ಗಾಳಿ ಕೊಡುತ್ತಾರೆ. ಹುಟ್ಟಿದ ಒಂದು ನಿಮಿಷದೊಳಗೆ ಆ ಗಾಳಿ ಶ್ವಾಸಕೋಶ ಸೇರಬೇಕು. ಆಗ ನೀವು ಮಾಡಬೇಕಾದದ್ದು ದಾರಿ ಬಿಡುವುದು, ಬಾಣಂತಿಯ ಕೈ ಹಿಡಿದುಕೊಳ್ಳುವುದು, ಇಷ್ಟೇ. ಕಾಲು ಹಿಡಿದು ತಲೆಕೆಳಗು ಮಾಡುವುದು, ಬೆನ್ನಿಗೆ ಬಡಿಯುವುದು, ಮುಖಕ್ಕೆ ತಣ್ಣೀರು ಎರಚುವುದು ಇವುಗಳಿಂದ ಉಸಿರು ಬರುವುದಿಲ್ಲ. ಪೆಟ್ಟಾಗುತ್ತದೆ, ಮೈ ತಣ್ಣಗಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಗಾಳಿ ಕೊಡುವ ನಿಮಿಷ ಕೈತಪ್ಪುತ್ತದೆ.

ಹತ್ತಕ್ಕೆ ಎಷ್ಟು ಅಂಕ?

ಹುಟ್ಟಿದ 1ನೇ ನಿಮಿಷದಲ್ಲಿ ಮತ್ತು 5ನೇ ನಿಮಿಷದಲ್ಲಿ ಮಗುವಿಗೆ ಅಂಕ ಹಾಕುತ್ತಾರೆ. ಇದು ಅಪ್ಗರ್ ಅಂಕ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗರ್ 1952ರಲ್ಲಿ ರೂಪಿಸಿದ ಕ್ರಮವಿದು. ನೋಡುವುದು ಐದು ಸಂಗತಿ: ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಕೆಣಕಿದರೆ ತೋರುವ ಪ್ರತಿಕ್ರಿಯೆ, ಮೈಬಣ್ಣ. ಪ್ರತಿಯೊಂದಕ್ಕೂ 0, 1 ಅಥವಾ 2. ಒಟ್ಟು 7 ಅಥವಾ ಅದಕ್ಕಿಂತ ಹೆಚ್ಚಾದರೆ ಮಗು ಚೆನ್ನಾಗಿದೆ ಎಂದರ್ಥ. 5ನೇ ನಿಮಿಷದಲ್ಲೂ 7ಕ್ಕಿಂತ ಕಡಿಮೆಯಿದ್ದರೆ ಐದೈದು ನಿಮಿಷಕ್ಕೊಮ್ಮೆ, 20ನೇ ನಿಮಿಷದವರೆಗೆ ಮತ್ತೆ ಎಣಿಸುತ್ತಾರೆ.

ಒಂದು ಹೆರಿಗೆಯ ಲೆಕ್ಕ ಹಾಕಿ ನೋಡೋಣ. ಮೇ ತಿಂಗಳ ಬೆಳಗಿನ ಜಾವ, ತಾಲ್ಲೂಕು ಮಟ್ಟದ ಒಂದು ಆಸ್ಪತ್ರೆ. ದಿನ ತುಂಬಿದ ಗರ್ಭ, ಮೊದಲ ಹೆರಿಗೆ, ಜೊತೆಗೆ ಹುಡುಗಿಯ ತಾಯಿ. 3 ಗಂಟೆ 10 ನಿಮಿಷಕ್ಕೆ ಹೆಣ್ಣುಮಗು ಹುಟ್ಟಿತು, ಕೂಡಲೇ ಅಳಲಿಲ್ಲ. ನರ್ಸ್ ಒರೆಸಿ ಬೆನ್ನುಜ್ಜಿದಾಗ ಮುಖ ಸಿಂಡರಿಸಿ, ಬಿಟ್ಟು ಬಿಟ್ಟು ಉಸಿರೆಳೆದುಕೊಂಡು, ಸಣ್ಣ ದನಿ ತೆಗೆಯಿತು. 3.11ಕ್ಕೆ ಅಂಕ: ಎದೆಬಡಿತ ನಿಮಿಷಕ್ಕೆ 140, ನೂರಕ್ಕಿಂತ ಹೆಚ್ಚಾದ್ದರಿಂದ 2. ಉಸಿರು ಬಂದಿದೆ, ಆದರೆ ಲಯವಿಲ್ಲ, ಅಳು ಕ್ಷೀಣ, 1. ಕೈಕಾಲು ತುಸು ಮಡಚಿದೆ, ಒದೆಯುತ್ತಿಲ್ಲ, 1. ಉಜ್ಜಿದಾಗ ಮುಖ ಸಿಂಡರಿಸಿತಷ್ಟೇ, 1. ಮೈ ಕೆಂಪಗಿದೆ, ಅಂಗೈ ಅಂಗಾಲು ನೀಲಿ, 1. ಒಟ್ಟು 6. ನರ್ಸ್ ಉಜ್ಜುವುದನ್ನು ನಿಲ್ಲಿಸಲಿಲ್ಲ. 3.15ಕ್ಕೆ ಮತ್ತೆ ನೋಡಿದಾಗ ಮಗು ಗಟ್ಟಿಯಾಗಿ ಅಳುತ್ತಿತ್ತು, ಕಾಲು ಒದೆಯುತ್ತಿತ್ತು. ನಾಲ್ಕು ಸಂಗತಿಗಳಿಗೂ ಎರಡೆರಡು, ಬಣ್ಣಕ್ಕೆ ಮಾತ್ರ 1. ಒಟ್ಟು 9.

ಆ ಅಜ್ಜಿ ಕೇಳಿದ ಪ್ರಶ್ನೆಯನ್ನೇ ಬಹಳ ಮಂದಿ ಕೇಳುತ್ತಾರೆ: ‘ಹತ್ತಕ್ಕೆ ಹತ್ತು ಯಾಕೆ ಬರಲಿಲ್ಲ?’ ಆರೋಗ್ಯವಂತ ಕೂಸುಗಳಲ್ಲಿ ಹೆಚ್ಚಿನವಕ್ಕೆ ಐದನೇ ನಿಮಿಷದಲ್ಲೂ ಹತ್ತು ಬರುವುದಿಲ್ಲ. ಅಂಗೈ, ಅಂಗಾಲು ಒಂದು ದಿನದವರೆಗೂ ನೀಲಿಯಾಗಿರಬಹುದು, ಅದು ಸಹಜ. ಕಳೆದ ಆ ಒಂದು ಅಂಕ ಬಣ್ಣದ್ದು. ಅಂಕ ಕಡಿಮೆ ಬಂದರೆ ಮುಂದೆ ಓದಿನಲ್ಲಿ ಹಿಂದೆ ಬೀಳುತ್ತಾಳೆಂದೂ ಇದರಿಂದ ಹೇಳಲಾಗದು. ಆ ಕ್ಷಣದಲ್ಲಿ ಮಗು ಹೇಗಿತ್ತು, ಮಾಡಿದ ಉಪಚಾರಕ್ಕೆ ಹೇಗೆ ಸ್ಪಂದಿಸಿತು ಎಂಬುದನ್ನಷ್ಟೇ ಅದು ಹೇಳುತ್ತದೆ.

ಬಣ್ಣ ನೋಡುವಾಗ ನಮ್ಮ ಭಾಗದಲ್ಲಿ ವಿಶೇಷ ಎಚ್ಚರ ಬೇಕು. ಕಪ್ಪು, ಗೋಧಿ ಮೈಬಣ್ಣದ ಮಕ್ಕಳಲ್ಲಿ ಚರ್ಮ ನೋಡಿ ನೀಲಿಯನ್ನು ಗುರುತಿಸುವುದು ಕಷ್ಟ. ಬಾಯಿಯ ಒಳಗೆ ನೋಡಿ: ನಾಲಿಗೆ ಮತ್ತು ವಸಡು ಗುಲಾಬಿಯಾಗಿದ್ದರೆ ನಿಶ್ಚಿಂತೆ, ನಾಲಿಗೆಯೇ ನೀಲಿಯಾಗಿದ್ದರೆ ಮೈಬಣ್ಣ ಹೇಗೇ ಇರಲಿ ಆ ಕ್ಷಣವೇ ನರ್ಸನ್ನು ಕರೆಯಬೇಕು.

ಇನ್ನೂ ಒಂದು ಮಾತು. ಉಸಿರಾಡದ ಮಗುವಿಗೆ ಗಾಳಿ ಕೊಡಲು ಯಾರೂ ಅಂಕಕ್ಕಾಗಿ ಕಾಯುವುದಿಲ್ಲ, ಕಾಯಲೂಬಾರದು. ಅಂಕ ಹಾಕುವ ಒಂದನೇ ನಿಮಿಷಕ್ಕೆ ಮೊದಲೇ ಉಪಚಾರ ಶುರುವಾಗಿರಬೇಕು.

ಬಳ್ಳಿಗೆ ಅವಸರ ಬೇಡ

ಮಗು ಅಳುತ್ತಿದ್ದರೆ ಹೊಕ್ಕುಳ ಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕತ್ತರಿಸುತ್ತಾರೆ. ಅಷ್ಟು ಹೊತ್ತು ಮಾಸಿನಲ್ಲಿ ಉಳಿದ ರಕ್ತ ಕೂಸಿಗೆ ಹರಿಯುತ್ತದೆ. ರಕ್ತಹೀನತೆ ಎಲ್ಲೆಡೆ ಇರುವ ನಮ್ಮ ಕಡೆ, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣದ ಅಂಶ ಹೀಗೆ ಬಿಟ್ಟಿಯಾಗಿ ಸಿಗುತ್ತದೆ. ಕತ್ತರಿಸಿದ ಮೇಲೆ ಹೊಕ್ಕುಳಿಗೆ ಅರಿಶಿನ, ಎಣ್ಣೆ, ಬೂದಿ, ಪೌಡರ್ ಏನನ್ನೂ ಹಚ್ಚಬೇಡಿ. ಒಣಗಲು ಬಿಡಿ.

ಎದೆಯ ಮೇಲೆ: ಏನು ನೋಡುತ್ತಿರಬೇಕು

ಇನ್ನು ಮುಂದಿನ ಕನಿಷ್ಠ ಒಂದು ಗಂಟೆ ಕೂಸು ಇರಬೇಕಾದ ಜಾಗ ತಾಯಿಯ ಎದೆ. ಮಾಸು ಹೊರಬರುವಾಗ, ಹೊಲಿಗೆ ಹಾಕುವಾಗ ಕೂಡ ಅಲ್ಲೇ ಇರಬಹುದು. ತೂಕ, ಚುಚ್ಚುಮದ್ದು, ಫೋಟೊ, ಹೊರಗೆ ಕಾದಿರುವ ನೆಂಟರಿಗೆ ತೋರಿಸುವುದು ಎಲ್ಲವೂ ಒಂದು ಗಂಟೆ ಕಾಯಬಹುದು.

ಹೀಗಿರುವಾಗ ತಾಯಿ ಮತ್ತು ಮಗುವನ್ನು ಇಬ್ಬರನ್ನೇ ಬಿಟ್ಟು ಹೋಗಬಾರದು. ಸುಸ್ತಾದ ತಾಯಿ ನಿದ್ದೆಗೆ ಜಾರುತ್ತಾಳೆ, ಮಗುವಿನ ಮೂಗು ಮೊಲೆಗೋ ಬಟ್ಟೆಗೋ ಒತ್ತಿಕೊಂಡರೆ ಸದ್ದಿಲ್ಲದೆ ಉಸಿರು ಕಟ್ಟುತ್ತದೆ. ಜೊತೆಗಿರುವವರ ನಿಜವಾದ ಕೆಲಸ ಇಲ್ಲಿದೆ. ತಾಯಿಯ ತಲೆಯ ಕಡೆ ತುಸು ಎತ್ತರಿಸಿ ಒರಗಿಸಿ. ಕೂಸಿನ ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಬಾಯಿ ನಿಮಗೆ ಕಾಣುತ್ತಿರಲಿ, ಗದ್ದ ಎದೆಗೆ ಮಡಚಿಕೊಳ್ಳದೆ ಕತ್ತು ನೇರವಾಗಿರಲಿ. ಕಾಲು ಗಂಟೆಗೊಮ್ಮೆ ಮೂರು ಸಂಗತಿ ನೋಡಿ: ಉಸಿರಾಟ ಸಲೀಸಾಗಿದೆಯೇ, ತುಟಿ ನಾಲಿಗೆ ಗುಲಾಬಿಯಾಗಿದೆಯೇ, ಪಾದ ಬೆಚ್ಚಗಿದೆಯೇ. ತಾಯಿಯ ಕಡೆಯೂ ಒಂದು ಕಣ್ಣಿರಲಿ. ರಕ್ತಸ್ರಾವ ಹೆಚ್ಚುತ್ತಿದೆ ಅನ್ನಿಸಿದರೆ ತಡಮಾಡದೆ ನರ್ಸಿಗೆ ಹೇಳಿ.

ಪಾದ ಮುಟ್ಟಿ ನೋಡುವುದಕ್ಕೆ ಒಂದು ಕ್ರಮವಿದೆ. ನಿಮ್ಮ ಕೈಯ ಹಿಂಬದಿಯಿಂದ ಮೊದಲು ಕೂಸಿನ ಹೊಟ್ಟೆ, ಆಮೇಲೆ ಅಂಗಾಲು ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗು ಶಾಖ ಕಳೆದುಕೊಳ್ಳಲು ಶುರುಮಾಡಿದೆ. ಹೊಟ್ಟೆಯೂ ತಣ್ಣಗಿದ್ದರೆ ಅದು ಅಪಾಯ, ವೈದ್ಯರು ಬರಬೇಕು. ಪಾದ ನೀಲಿಯಿರುವುದು ಬೇರೆ, ತಣ್ಣಗಿರುವುದು ಬೇರೆ ಎಂಬುದು ನೆನಪಿರಲಿ. ಥರ್ಮಾಮೀಟರ್ ಕಂಕುಳಲ್ಲಿಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿಯಾದ ಬಿಸಿ. 36ರಿಂದ 36.4 ಇದ್ದರೆ ಮಗುವಿಗೆ ಚಳಿ ತಾಗಿದೆ. 36ಕ್ಕಿಂತ ಇಳಿದರೆ ಚಿಕಿತ್ಸೆ ಬೇಕು.

ಮೇಲೆ ಹೇಳಿದ ಮಗುವಿಗೂ ಇದೇ ಆಯಿತು. 9 ಅಂಕ ಬಂದಿತ್ತು, ಎಲ್ಲರೂ ನಿರಾಳವಾಗಿದ್ದರು. ಸೆಕೆಯೆಂದು ಯಾರೋ ಫ್ಯಾನನ್ನು ಮತ್ತೆ ಹಾಕಿದರು. 3.25ಕ್ಕೆ ಅಜ್ಜಿ ಅಂಗಾಲು ಮುಟ್ಟಿ, ‘ಸಿಸ್ಟರ್, ಕಾಲು ತಣ್ಣಗಿದೆಯಲ್ಲ’ ಎಂದರು. ಹೊಟ್ಟೆ ಬೆಚ್ಚಗಿತ್ತು. ಕಂಕುಳಲ್ಲಿ 36.2. ಹುಡುಕಿದಾಗ ಸಿಕ್ಕಿದ್ದು ಎರಡು ಕಾರಣ: ಫ್ಯಾನ್ ಒಂದು, ಮಗುವಿನ ಸೊಂಟದ ಕೆಳಗೆ ಸಿಕ್ಕಿಕೊಂಡಿದ್ದ ಮೊದಲ ಒದ್ದೆ ಬಟ್ಟೆಯ ಅಂಚು ಇನ್ನೊಂದು. ಬಟ್ಟೆ ಎಳೆದು ತೆಗೆದರು, ಫ್ಯಾನ್ ಆರಿಸಿದರು, ತಲೆಯಿಂದ ಜಾರಿದ್ದ ಕುಲಾವಿಯನ್ನು ಸರಿಪಡಿಸಿ ಕಾಲುಚೀಲ ಹಾಕಿದರು, ಮೂರನೆಯ ಒಣ ಬಟ್ಟೆ ಹೊದಿಸಿದರು. ಮಗುವನ್ನು ಎದೆಯಿಂದ ಎತ್ತಲಿಲ್ಲ. 3.55ಕ್ಕೆ 36.6 ಆಯಿತು. ವಾರ್ಮರ್ ಬೇಕಾಗಲಿಲ್ಲ. ಚೀಲದಲ್ಲಿ ನಾಲ್ಕು ಬಟ್ಟೆ ಯಾಕೆ ಇರಬೇಕೆಂದು ಈಗ ತಿಳಿದಿರಬಹುದು.

ಬೇಸಿಗೆಯಲ್ಲಿ ಇದರ ವಿರುದ್ಧದ ತಪ್ಪೂ ಆಗುತ್ತದೆ. ‘ಬೆಚ್ಚಗಿಡಿ’ ಎಂದ ಮಾತ್ರಕ್ಕೆ ದಪ್ಪ ಕೌದಿ, ಉಣ್ಣೆಯ ಟೋಪಿ, ಮೇಲೊಂದು ಕಂಬಳಿ ಹೊದಿಸಿದರೆ ಕರೆಂಟು ಹೋದ ಮಧ್ಯಾಹ್ನ ಮಗುವಿನ ಬಿಸಿ 37.5 ದಾಟುತ್ತದೆ. ಮುಖ ಕೆಂಪೇರಿ, ಮೈ ಬಿಸಿಯಾಗಿ, ಉಸಿರು ಜೋರಾಗುತ್ತದೆ. ಆಗ ಮೇಲಿನ ಹೊದಿಕೆ ಒಂದನ್ನು ತೆಗೆಯಿರಿ, ಮಗುವನ್ನು ಎದೆಯಿಂದ ತೆಗೆಯಬೇಡಿ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಳೆಯಲು ಹೇಳಿ. ಮೈ ಒಣಗಿದ ಮೇಲೆ ಮೇ ತಿಂಗಳಲ್ಲಿ ಒಂದೇ ತೆಳು ಬಟ್ಟೆ ಸಾಕಾಗುತ್ತದೆ. ಬಿಸಿನೀರಿನ ಬಾಟಲಿ ಪಕ್ಕದಲ್ಲಿಡುವುದು, ಮಂಚದ ಕೆಳಗೆ ಕೆಂಡ ಇಡುವುದು ಯಾವ ಕಾಲದಲ್ಲೂ ಬೇಡ. ಸುಟ್ಟ ಗಾಯದೊಂದಿಗೆ ಬರುವ ಎಳೆಗೂಸುಗಳನ್ನು ನೋಡುವ ಸಂಕಟ ಸಣ್ಣದಲ್ಲ.

ಹಾಲು ಶುರುವಾಗುವ ಬಗೆ

ಎದೆಯ ಮೇಲೆ ಮಲಗಿದ ಕೂಸು ಮೊದಲು ಅಳು ನಿಲ್ಲಿಸಿ ಅಲುಗಾಡದೆ ಇರುತ್ತದೆ. ಆಮೇಲೆ ಕಣ್ಣು ತೆರೆಯುತ್ತದೆ, ತಲೆ ಆಡಿಸುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ನಾಲಿಗೆ ಚಾಚುತ್ತದೆ, ಜೊಲ್ಲು ಸುರಿಸುತ್ತದೆ. ಕಾಲಿನಿಂದ ತಾಯಿಯ ಹೊಟ್ಟೆಯನ್ನು ಒತ್ತುತ್ತಾ ಇಂಚಿಂಚಾಗಿ ಮೇಲೆ ತೆವಳಿ ಮೊಲೆತೊಟ್ಟನ್ನು ಹುಡುಕುತ್ತದೆ, ನಡುನಡುವೆ ನಿಂತು ದಣಿವಾರಿಸಿಕೊಳ್ಳುತ್ತದೆ. ಇದಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಬಹುದು, ಒಂದು ಗಂಟೆಯೂ ಹಿಡಿಯಬಹುದು. ಹತ್ತನೇ ನಿಮಿಷಕ್ಕೆ ಬಾಯಿಗೆ ಮೊಲೆ ತುರುಕಿ ‘ಮಗು ಕುಡಿಯುತ್ತಿಲ್ಲ’ ಎಂದು ಗಾಬರಿಯಾಗುವವರು ಬಹಳ. ತಲೆಯ ಹಿಂಭಾಗ ಹಿಡಿದು ಮೊಲೆಗೆ ಒತ್ತಿದರೆ ಕೂಸು ಬೆನ್ನು ಬಿಲ್ಲಾಗಿಸಿ ಹಿಂದಕ್ಕೆ ಸೆಟೆಯುತ್ತದೆ, ಅದರ ಸ್ವಭಾವವೇ ಹಾಗೆ. ಕೈ ಹಾಕುವುದಾದರೆ ಭುಜ ಮತ್ತು ಬೆನ್ನಿಗೆ ಆಸರೆ ಕೊಡಿ, ತಲೆಯನ್ನು ಬಿಡಿ.

ನಾವು ನೋಡುತ್ತಿದ್ದ ಮಗು 3.35ಕ್ಕೆ ಕೈ ಚೀಪತೊಡಗಿತು, 3.48ಕ್ಕೆ ಹಿಡಿಯಿತು. ಚೆನ್ನಾಗಿ ಹಿಡಿದಿದೆಯೇ ಎಂದು ಪಕ್ಕದಿಂದ ನೋಡಿದರೆ ತಿಳಿಯುತ್ತದೆ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಮೊಲೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪುಭಾಗ ಮೇಲ್ಗಡೆ ಹೆಚ್ಚು ಕಾಣಬೇಕು, ಕೆಳಗಡೆ ಕಡಿಮೆ. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿ, ಹೊಟ್ಟೆ ತಾಯಿಯ ಮೈಗೆ ತಾಗಿಕೊಂಡು ಇರಬೇಕು. ಬರೀ ತೊಟ್ಟನ್ನು ಚೀಪುತ್ತಿದ್ದರೆ ತಾಯಿಗೆ ಚುಚ್ಚಿದಂತೆ ನೋವಾಗುತ್ತದೆ, ‘ಪಚಪಚ’ ಸದ್ದು ಬರುತ್ತದೆ, ಕೆನ್ನೆ ಒಳಗೆ ಗುಳಿಬೀಳುತ್ತದೆ. ಆಗ ಎಳೆಯಬಾರದು, ಸ್ವಚ್ಛವಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗಿಟ್ಟು ಬಿಡಿಸಿ, ಮತ್ತೆ ಹಿಡಿಸಬೇಕು.

‘ಹಾಲೇ ಬಂದಿಲ್ಲ, ಎರಡು ಹನಿ ಹಳದಿ ನೀರು ಬರುತ್ತಿದೆ, ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂಬ ಅನುಮಾನದಲ್ಲಿಯೇ ಸಕ್ಕರೆ ನೀರು ಒಳಗೆ ಬರುವುದು. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಐದಾರು ಮಿಲಿಲೀಟರ್, ಅಂದರೆ ಒಂದು ಚಮಚ. ಆ ಗಟ್ಟಿ ಹಳದಿ ಹಾಲು ಬರುವುದೂ ಅಷ್ಟೇ. ಅದರಲ್ಲಿ ಸೋಂಕಿನ ವಿರುದ್ಧ ಕಾಯುವ ಅಂಶಗಳು ತುಂಬಿವೆ, ಕರುಳಿನಲ್ಲಿರುವ ಕಪ್ಪು ಮಲ ಹೊರಹೋಗಲೂ ಅದು ನೆರವಾಗುತ್ತದೆ. ಅದನ್ನು ಹಿಂಡಿ ಚೆಲ್ಲುವುದು ಬೇಡ. ಸಕ್ಕರೆ ನೀರಿನಿಂದ ಕೂಸಿನ ಹಸಿವೆ ಮುರಿಯುತ್ತದೆ, ಮೊಲೆ ಚೀಪುವುದು ಕಡಿಮೆಯಾಗುತ್ತದೆ, ಚೀಪದಿದ್ದರೆ ಹಾಲು ಇಳಿಯುವುದು ತಡವಾಗುತ್ತದೆ. ಜೇನುತುಪ್ಪದಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ವರ್ಷ ತುಂಬುವವರೆಗೆ ಮಕ್ಕಳಿಗೆ ಜೇನು ಕೊಡಬಾರದು. ಹರಳೆಣ್ಣೆ, ಬಜೆಗೂ ಇಲ್ಲಿ ಕೆಲಸವಿಲ್ಲ. ಹಿರಿಯರ ಮನಸ್ಸಿಗೆ ನೋವಾಗದಂತೆ ಇದನ್ನು ಹೇಳಬೇಕಾದರೆ ಹೆರಿಗೆಗೆ ತಿಂಗಳು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಹೆರಿಗೆ ಕೋಣೆಯ ಬಾಗಿಲಲ್ಲಿ ಅತ್ತೆಯವರ ಕೈಯಿಂದ ಚಮಚ ಕಸಿದುಕೊಳ್ಳುವ ಪ್ರಸಂಗ ಯಾರಿಗೂ ಬೇಡ.

ಒಂದು ಗಂಟೆಯಾದರೂ ಮಗು ಹಿಡಿಯದಿದ್ದರೆ? ಬೆಚ್ಚಗಿದೆ, ಉಸಿರು ಸರಿಯಿದೆ ಎಂದಾದರೆ ಹಾಗೆಯೇ ಎದೆಯ ಮೇಲೆ ಬಿಡಿ, ನರ್ಸಿಗೆ ತಿಳಿಸಿ. ಅವರು ತಾಯಿಯ ಕೈಯಿಂದಲೇ ಹಾಲು ಹಿಂಡುವುದನ್ನು ತೋರಿಸಿಕೊಡುತ್ತಾರೆ. ಕುದಿಸಿದ ಚಮಚ ಅಥವಾ ಒಳಲೆಯಲ್ಲಿ ಹಿಡಿದ ಹನಿಗಳನ್ನು ತುಟಿಯಂಚಿನಿಂದ ಕೊಡಬಹುದು. ಬಾಟಲಿ ಬೇಡ. ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ಅಥವಾ ಮಗು ತೀರಾ ಚಿಕ್ಕದಿದ್ದರೆ ಹೀಗೆ ಕಾಯುವ ಸಮಯವೂ ಕಡಿಮೆ, ಏಕೆಂದರೆ ಅಂಥ ಮಕ್ಕಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ.

ಸಿಸೇರಿಯನ್ ಆದರೆ, ಮಗು ಚಿಕ್ಕದಾದರೆ

ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ತಾಯಿಗೆ ಎಚ್ಚರವಿರುತ್ತದೆ. ಆಪರೇಷನ್ ಮೇಜಿನ ಮೇಲೆಯೇ ಕೂಸನ್ನು ಎದೆಗೆ ತಾಗಿಸಬಹುದು, ವಾರ್ಡಿಗೆ ಬಂದ ಕೂಡಲೇ ಪಕ್ಕಕ್ಕೆ ಮಲಗಿ ಹಾಲೂಡಿಸಬಹುದು. ಮೊದಲೇ ಕೇಳಿಡಿ, ಕೇಳದಿದ್ದರೆ ಹಲವು ಕಡೆ ಮಗುವನ್ನು ನೇರವಾಗಿ ಹೊರಗೆ ಕಾದಿರುವವರ ಕೈಗೆ ಕೊಡುತ್ತಾರೆ. ತಾಯಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದ್ದರೆ ತಂದೆ ಅಂಗಿ ಬಿಚ್ಚಿ ಎದೆಗವಚಿಕೊಳ್ಳಲಿ. ಗಂಡಸರ ಎದೆಯ ಕಾವೂ ಅಷ್ಟೇ ಕೆಲಸ ಮಾಡುತ್ತದೆ.

ತೂಕ 2.5 ಕೆಜಿಗಿಂತ ಕಡಿಮೆಯಿದ್ದರೆ ಚರ್ಮಕ್ಕೆ ಚರ್ಮ ತಾಗಿಸುವುದು ಒಂದು ಗಂಟೆಗೆ ಮುಗಿಯುವುದಿಲ್ಲ. ಅದು ಕಾಂಗರೂ ಆರೈಕೆಯಾಗಿ ದಿನಗಟ್ಟಲೆ ಮುಂದುವರಿಯಬೇಕು, ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಆರೈಕೆಯನ್ನು ದೊಡ್ಡ ಮಟ್ಟದಲ್ಲಿ ನಡೆಸಿ ನೋಡಿದ್ದಾರೆ, ಆದ್ದರಿಂದ ಕೇಳಿದರೆ ಹೇಳಿಕೊಡುವ ನರ್ಸ್‌ಗಳು ಇಲ್ಲಿ ಸಿಗುತ್ತಾರೆ.

ದಾರಿಯಲ್ಲೇ ಹೆರಿಗೆಯಾದರೆ

108 ಬರುವ ಮೊದಲೇ, ಅಥವಾ ಟಂಟಂ ಗಾಡಿಯಲ್ಲೇ ಮಗು ಹುಟ್ಟಿಬಿಡುವುದುಂಟು. ಆಗಲೂ ಕ್ರಮ ಇದೇ. ಕೈಯಲ್ಲಿರುವ ಒಣ ಬಟ್ಟೆಯಿಂದ ಒರೆಸಿ, ಬೆನ್ನುಜ್ಜಿ, ಒದ್ದೆ ಬಟ್ಟೆ ಬಿಸಾಡಿ, ತಾಯಿಯ ಕುಪ್ಪಸದೊಳಗೆ ಬರಿಮೈಗೆ ತಾಗಿಸಿ, ಸೆರಗು ಹೊದಿಸಿ. ಬಳ್ಳಿಯನ್ನು ಬ್ಲೇಡು, ಕುಡುಗೋಲಿನಿಂದ ಕತ್ತರಿಸಬೇಡಿ. ಆಸ್ಪತ್ರೆ ಸೇರುವವರೆಗೆ ಬಳ್ಳಿ ಹಾಗೆಯೇ ಇದ್ದರೆ ತೊಂದರೆಯಿಲ್ಲ. ಮಾಸು ಬಂದರೆ ಚೀಲದಲ್ಲಿ ಹಾಕಿ ಮಗುವಿನ ಜೊತೆಯಲ್ಲೇ ಇಡಿ. ಬಳ್ಳಿಯನ್ನು ಎಳೆಯಬೇಡಿ. ಗಾಡಿಯ ಕಿಟಕಿ ಮುಚ್ಚಿರಲಿ.

ಗಂಟೆ ತುಂಬಿದ ಮೇಲೆ

ಮೊದಲ ಹಾಲು ಕುಡಿದಾದ ಮೇಲೆ ತೂಕ ನೋಡುತ್ತಾರೆ, ತೊಡೆಗೆ ವಿಟಮಿನ್ ಕೆ ಚುಚ್ಚುತ್ತಾರೆ. ದಿನ ತುಂಬಿದ ಮಗುವಿಗೆ ಅದು 1 ಮಿಲಿಗ್ರಾಂ, ರಕ್ತಸ್ರಾವ ತಡೆಯಲು. 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಬಿಸಿಜಿ, ಪೋಲಿಯೊ ಹನಿ. ನಮ್ಮ ಉದಾಹರಣೆಯ ಹೆಣ್ಣುಮಗು 4.20ಕ್ಕೆ 2.7 ಕೆಜಿ ತೂಗಿತು, ಬಿಸಿ 36.8. ತೂಕ, ಹುಟ್ಟಿದ ಸಮಯ, ಲಸಿಕೆಗಳು ತಾಯಿ ಕಾರ್ಡಿನಲ್ಲಿ ಬರೆದಿವೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಅಪ್ಗರ್ ಅಂಕ ಎಷ್ಟಿತ್ತೆಂದು ಕೇಳಿ ಬರೆಸಿಕೊಳ್ಳಿ. ಮುಂದೆ ಮಗುವಿಗೆ ಹುಷಾರು ತಪ್ಪಿದರೆ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಹುಟ್ಟಿದ ಕೂಡಲೇ ಅತ್ತಿತ್ತೇ?’ ಎಂಬುದೂ ಒಂದು.

ಎರೆಯುವುದನ್ನು ಕನಿಷ್ಠ 24 ಗಂಟೆ ಮುಂದೂಡಿ. ಮೈಲಿಗೆಯ ಕಾರಣಕ್ಕೆ ಕೂಡಲೇ ಮೀಯಿಸಬೇಕೆನ್ನುವ ಮನೆಗಳಿವೆ. ಅಂಥವರಿಗೆ ನಾನು ಹೇಳುವುದು, ಬಾಣಂತಿಯ ಬಟ್ಟೆ ಬದಲಿಸಿ, ಹಾಸಿಗೆ ಬದಲಿಸಿ, ನಿಮ್ಮ ಕೈಕಾಲು ಸೋಪು ಹಚ್ಚಿ ತೊಳೆದುಕೊಳ್ಳಿ. ಒರೆಸಿದ ಕೂಸು ಆಗಲೇ ಶುಚಿಯಾಗಿದೆ.

ಮೊದಲ ಗಂಟೆಯಲ್ಲಾಗಲಿ ಆಮೇಲಾಗಲಿ ಇವುಗಳಲ್ಲಿ ಒಂದು ಕಂಡರೂ ನರ್ಸನ್ನು ಕರೆಯಿರಿ: ಪ್ರತಿ ಉಸಿರಿಗೂ ನರಳುವ ಸದ್ದು, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಆಳವಾದ ಗುಳಿ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ನೀಲಿ ನಾಲಿಗೆ, ತಣ್ಣನೆಯ ಹೊಟ್ಟೆ, ಎಬ್ಬಿಸಿದರೂ ಅಲುಗಾಡದ ಜೋಲು ಮೈ, ಬಳ್ಳಿಯಿಂದ ಜಿನುಗುವ ರಕ್ತ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಏಕೆಂದರೆ ಎಳೆಗೂಸುಗಳು ನಡುವೆ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಬೇಗಬೇಗ ಉಸಿರಾಡುತ್ತವೆ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಕಳಿಸಿದರೆ ಅಲ್ಲಿನ ಚಿಕಿತ್ಸೆಯೂ ಆಂಬುಲೆನ್ಸೂ ಉಚಿತ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ಸೇರಿದೆ. ಹೊರಡುವ ಮೊದಲು ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ದಾರಿಯಲ್ಲಿ ಹಾಲು ಕೊಡಬಹುದೇ, ಎದೆಗವಚಿಕೊಂಡು ಒಯ್ಯಬಹುದೇ. ಆಮ್ಲಜನಕ ಬೇಕಿಲ್ಲದ ಮಗುವಾದರೆ ಎರಡನೆಯದಕ್ಕೆ ಸಾಮಾನ್ಯವಾಗಿ ಹೌದು ಎನ್ನುತ್ತಾರೆ. ಅಂಗಿ ಅಥವಾ ಕುಪ್ಪಸದೊಳಗೆ ಕೂಸನ್ನು ನೆಟ್ಟಗೆ ಇಟ್ಟುಕೊಂಡು, ಹತ್ತಿ ಸೀರೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿ, ಮುಖ ಕಾಣುವಂತೆ ಬಿಟ್ಟು ಕೂತುಕೊಳ್ಳಿ. ಆಂಬುಲೆನ್ಸಿನ ಎಸಿ ಗಾಳಿ ನೇರವಾಗಿ ಬೀಸದಂತೆ ಚಾಲಕರಿಗೆ ಮೊದಲೇ ಹೇಳಿ.